ಎರಡು ಲಿಪಿಗಳ ನಾಣ್ಯ: ಅಲೆಕ್ಸಾಂಡರನ ದಂಡಯಾತ್ರೆ ಮತ್ತು ಬ್ಯಾಕ್ಟ್ರಿಯದ ಯವನ ರಾಜ್ಯಗಳು

ಅಲೆಕ್ಸಾಂಡರನು ಏಷ್ಯವನ್ನು ಗೆದ್ದ ಕಥೆ ಶಾಲೆಯ ಪಠ್ಯಪುಸ್ತಕಗಳ ಮೂಲಕ ಎಲ್ಲರಿಗೂ ಪರಿಚಿತವಾಗಿದೆ. ಕ್ರಿ.ಪೂ. 334ರಲ್ಲಿ ಮ್ಯಾಸಿಡೋನಿಯದಿಂದ ಹೊರಟ ತರುಣ ದೊರೆ ಪಾರಸಿಕ ಸಾಮ್ರಾಜ್ಯವನ್ನು ಅಳಿಸಿ, ಕ್ರಿ.ಪೂ. 326ರಲ್ಲಿ ಝೀಲಂ ನದಿಯ ದಡದಲ್ಲಿ ಪುರೂರವನ ವಂಶಜನೆನ್ನಲಾದ ಪೋರಸನನ್ನು ಸೋಲಿಸಿದನು. ಬಿಯಾಸ್ ನದಿಯ ಬಳಿ ಅವನ ಸೈನಿಕರು ಮುಂದಡಿಯಿಡಲು ಒಪ್ಪಲಿಲ್ಲ. ಕ್ರಿ.ಪೂ. 323ರಲ್ಲಿ, ಮೂವತ್ತಮೂರು ತುಂಬುವ ಮೊದಲೇ, ಅವನು ಬ್ಯಾಬಿಲೋನಿನಲ್ಲಿ ಮರಣ ಹೊಂದಿದನು. ಪಠ್ಯಪುಸ್ತಕಗಳ ಕಥೆ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ. ಆದರೆ ಗ್ರೀಕರೂ ಏಷ್ಯದ ಜನರೂ ಒಂದೇ ಆಡಳಿತದಡಿ ಬಾಳಿದ ಚರಿತ್ರೆ ಆರಂಭವಾಗುವುದೇ ಅವನ ಮರಣದ ಅನಂತರ. ಆ ಚರಿತ್ರೆಯ ಅತ್ಯಂತ ದೂರದ, ಅತ್ಯಂತ ಕುತೂಹಲಕರವಾದ ಅಧ್ಯಾಯವು ಇಂದಿನ ಆಫ್ಘಾನಿಸ್ತಾನದ ಉತ್ತರದಲ್ಲಿದ್ದ ಬ್ಯಾಕ್ಟ್ರಿಯ ದೇಶದ್ದು. ಭಾರತೀಯ ಗ್ರಂಥಗಳು ಅದನ್ನು ಬಾಹ್ಲೀಕವೆಂದೂ ಅಲ್ಲಿಂದ ಬಂದ ಗ್ರೀಕರನ್ನು ಯವನರೆಂದೂ ಕರೆದಿವೆ.

ಈ ಅಧ್ಯಾಯವನ್ನು ತಿಳಿಯಲು ಗ್ರಂಥಾಧಾರಗಳು ಬಹಳ ಕಡಮೆ. ಬ್ಯಾಕ್ಟ್ರಿಯದಲ್ಲಿಯೂ ವಾಯವ್ಯ ಭಾರತದಲ್ಲಿಯೂ ಆಳಿದ ಯವನ ದೊರೆಗಳು ನಲವತ್ತರ ಸಮೀಪವಿದ್ದರೂ, ಪ್ರಾಚೀನ ಗ್ರಂಥಗಳಲ್ಲಿ ಹೆಸರು ದೊರೆಯುವುದು ಕೆಲವೇ ಮಂದಿಯದು. ಉಳಿದವರನ್ನು ಪರಿಚಯಿಸಿಕೊಡುವ ಸಾಕ್ಷಿಗಳು ಅವರ ನಾಣ್ಯಗಳು. ಆದುದರಿಂದ ಎರಡು ನಾಗರಿಕತೆಗಳು ಹೇಗೆ ಕೂಡಿದವು, ಎಷ್ಟರಮಟ್ಟಿಗೆ ಕೂಡಿದವು ಎಂಬ ಪ್ರಶ್ನೆಗೆ ನಾಣ್ಯದ ಎರಡು ಮುಖಗಳನ್ನು ಓದಿಯೇ ಉತ್ತರ ಹುಡುಕಬೇಕಾಗುತ್ತದೆ.

ವಿಜೇತನ ಯೋಜನೆ ಮತ್ತು ಅದರ ಸೋಲು

ಗ್ರೀಕರನ್ನೂ ಪಾರಸಿಕರನ್ನೂ ಒಂದುಗೂಡಿಸಬೇಕೆಂಬ ಯತ್ನವನ್ನು ಅಲೆಕ್ಸಾಂಡರನೇ ಮಾಡಿದನೆಂಬುದು ನಿಜ. ಕ್ರಿ.ಪೂ. 327ರಲ್ಲಿ ಅವನು ಬ್ಯಾಕ್ಟ್ರಿಯ ಸೀಮೆಯ ಸರದಾರನೊಬ್ಬನ ಮಗಳಾದ ರೊಕ್ಸಾನೆಯನ್ನು ವರಿಸಿದನು. ಪಾರಸಿಕ ಉಡುಪಿನ ಕೆಲವು ಅಂಶಗಳನ್ನು ತಾನೂ ಧರಿಸಿದನು. ಕ್ರಿ.ಪೂ. 324ರಲ್ಲಿ ಸೂಸಾ ನಗರದಲ್ಲಿ ತನ್ನ ಸುಮಾರು ಎಂಬತ್ತು ಮಂದಿ ಸೇನಾಪ್ರಮುಖರಿಗೆ ಪಾರಸಿಕ ಕುಲೀನ ಕನ್ಯೆಯರೊಡನೆ ಒಂದೇ ಸಮಾರಂಭದಲ್ಲಿ ವಿವಾಹ ಮಾಡಿಸಿದನು.

ಆದರೆ ಅಪ್ಪಣೆಯಿಂದ ಕೂಡಿಸಿದ್ದು ಬಹುಕಾಲ ನಿಲ್ಲಲಿಲ್ಲ. ಪಾರಸಿಕ ಪದ್ಧತಿಯಂತೆ ದೊರೆಗೆ ಬಾಗಿ ವಂದಿಸಬೇಕೆಂದಾಗ ಮ್ಯಾಸಿಡೋನಿಯದ ಯೋಧರು ಅದನ್ನು ಅಪಮಾನವೆಂದು ಭಾವಿಸಿದರು. ಸ್ವತಂತ್ರ ಮನುಷ್ಯನು ದೇವರಿಗಲ್ಲದೆ ಮನುಷ್ಯನಿಗೆ ಹಾಗೆ ಬಾಗುವುದು ಗ್ರೀಕರಲ್ಲಿ ರೂಢಿಯಲ್ಲಿರಲಿಲ್ಲ. ದೊರೆಯ ಮರಣದ ಸುದ್ದಿ ಹಬ್ಬಿದೊಡನೆ ಬ್ಯಾಕ್ಟ್ರಿಯದಲ್ಲಿ ಕಾವಲಿಗೆಂದು ನೆಲೆಗೊಳಿಸಿದ್ದ ಗ್ರೀಕ್ ಸೈನಿಕರು ದಂಗೆಯೆದ್ದರು. ಸಮುದ್ರವನ್ನು ಕಾಣದ ಈ ನಾಡಿನಲ್ಲಿ ಉಳಿಯಲಾರೆವು, ತಾಯ್ನಾಡಿಗೆ ಹಿಂದಿರುಗುತ್ತೇವೆ ಎಂಬುದು ಅವರ ಹಟವಾಗಿತ್ತು. ಇತಿಹಾಸಕಾರ ಡಿಯೊಡೋರಸನು ಅವರ ಸಂಖ್ಯೆಯನ್ನು 23,000 ಎಂದು ಹೇಳಿದ್ದಾನೆ. ಅವರನ್ನು ತಡೆಯಲು ಬಂದ ಮ್ಯಾಸಿಡೋನಿಯದ ಸೇನೆ ಶರಣಾದವರನ್ನು ಕೊಂದುಹಾಕಿತೆಂದೂ ಅವನು ಬರೆದಿದ್ದಾನೆ. ಸಂಸ್ಕೃತಿಗಳ ಸಂಗಮವೆಂದು ಮುಂದೆ ಕೀರ್ತಿ ಪಡೆದ ನಾಡಿನ ಆರಂಭ ಹೀಗೆ ಮನೆಯ ಹಂಬಲದಲ್ಲಿಯೂ ರಕ್ತಪಾತದಲ್ಲಿಯೂ ಆಯಿತೆಂಬುದನ್ನು ಮರೆಯುವಂತಿಲ್ಲ.

ಸೂಸಾದ ವಿವಾಹಗಳಲ್ಲಿ ಬಾಳಿದ್ದು ಒಂದು. ಸೆಲ್ಯೂಕಸ್ ಎಂಬ ಸೇನಾನಿಗೆ ದೊರೆತ ವಧು ಅಪಾಮೆ. ಅವಳ ತಂದೆ ಸ್ಪಿಟಮೆನೆಸ್ ಆಮು ದರಿಯಾ ನದಿಯ ಆಚೆಯ ಸೊಗ್ದಿಯದ ವೀರ. ಅಲೆಕ್ಸಾಂಡರನನ್ನು ತೀವ್ರವಾಗಿ ಎದುರಿಸಿ ಹೋರಾಡಿ ಮಡಿದವನು. ಸೆಲ್ಯೂಕಸನು ಅಪಾಮೆಯನ್ನು ಕೈಬಿಡಲಿಲ್ಲ. ಅವನು ಸಿರಿಯದಿಂದ ಬ್ಯಾಕ್ಟ್ರಿಯದವರೆಗೆ ರಾಜ್ಯ ಸ್ಥಾಪಿಸಿದಾಗ ಹಲವು ನಗರಗಳಿಗೆ ಅವಳ ಹೆಸರಿನಿಂದ ಅಪಾಮೆಯ ಎಂಬ ಹೆಸರು ಬಂದಿತು. ಅವರ ಮಗನಾದ ಮೊದಲನೆಯ ಆಂಟಿಯೋಕಸನು ತಂದೆಯ ಕಾಲದಲ್ಲಿಯೇ ಪೂರ್ವ ಪ್ರಾಂತಗಳ ಒಡೆಯನಾಗಿದ್ದನು. ತಂದೆ ಗ್ರೀಕ್ ಸೇನಾನಿ, ತಾಯಿ ಅದೇ ಸೀಮೆಯ ಹೋರಾಟಗಾರನ ಮಗಳು. ಬ್ಯಾಕ್ಟ್ರಿಯದ ನಗರಗಳಿಗೆ ಹೊಸ ಜೀವ ಬಂದುದು ಇಂತಹವನ ಆಳ್ವಿಕೆಯಲ್ಲಿ.

ಆಮು ದರಿಯಾ ದಡದ ನಗರ

ಕ್ರಿ.ಪೂ. 250ರ ಸುಮಾರಿಗೆ ಬ್ಯಾಕ್ಟ್ರಿಯದ ಕ್ಷತ್ರಪನಾಗಿದ್ದ ಡಿಯೊಡೋಟಸನು ಸೆಲ್ಯೂಕಸನ ವಂಶದಿಂದ ಬೇರೆಯಾಗಿ ಸ್ವತಂತ್ರನಾದನು. ಇಂತಹ ರಾಜ್ಯದಲ್ಲಿ ಬದುಕು ಹೇಗಿತ್ತೆಂಬುದು ಬಹುಕಾಲ ಊಹೆಯ ವಿಷಯವಾಗಿಯೇ ಉಳಿದಿತ್ತು. 1961ರಲ್ಲಿ ಆಫ್ಘಾನಿಸ್ತಾನದ ದೊರೆ ಝಾಹೀರ್ ಷಾ ಬೇಟೆಗೆ ಹೋಗಿದ್ದಾಗ ಆಮು ದರಿಯಾ ಮತ್ತು ಕೊಕ್ಚಾ ನದಿಗಳ ಸಂಗಮದಲ್ಲಿ ಗ್ರೀಕ್ ಶೈಲಿಯ ಕಂಬದ ಬೋದಿಗೆಯೊಂದು ಕಣ್ಣಿಗೆ ಬಿದ್ದಿತು. ಅಲ್ಲಿನ ಗ್ರಾಮದ ಹೆಸರಿನಿಂದ ಆ ನೆಲೆಯನ್ನು ಐ ಖಾನುಂ ಎಂದು ಕರೆಯಲಾಗಿದೆ. ಪಾಲ್ ಬರ್ನಾರ್ ಅವರ ನೇತೃತ್ವದಲ್ಲಿ ಫ್ರೆಂಚ್ ಪುರಾತತ್ವಜ್ಞರು 1978ರವರೆಗೆ ಅಲ್ಲಿ ಉತ್ಖನನ ನಡೆಸಿದರು.

ಅಲ್ಲಿ ದೊರೆತ ನಗರವು ಒಂದು ಕಡೆ ಶುದ್ಧ ಗ್ರೀಕ್ ನಗರದಂತೆ ಕಾಣುತ್ತದೆ. ಸಾವಿರಾರು ಮಂದಿ ಕುಳಿತುಕೊಳ್ಳಬಹುದಾದ ನಾಟಕಶಾಲೆಯಿದೆ; ತರುಣರ ಅಂಗಸಾಧನೆಗೂ ವಿದ್ಯಾಭ್ಯಾಸಕ್ಕೂ ಮೀಸಲಾದ ವಿಶಾಲವಾದ ಜಿಮ್ನೇಸಿಯಂ ಇದೆ. ನಗರದ ಮೂಲಪುರುಷನಾದ ಕಿನಿಯಸ್ ಎಂಬವನ ಸಮಾಧಿಮಂದಿರದಲ್ಲಿ ಕಲ್ಲಿನ ಪೀಠವೊಂದಿದ್ದಿತು. ಗ್ರೀಸಿನ ಡೆಲ್ಫಿ ಕ್ಷೇತ್ರದ ಹಿತವಚನಗಳನ್ನು ಅಲ್ಲಿಯೇ ಪ್ರತಿಮಾಡಿಕೊಂಡು ಬಂದು ಇಲ್ಲಿ ಸ್ಥಾಪಿಸಿದೆನೆಂದು ಕ್ಲಿಯಾರ್ಕಸ್ ಎಂಬವನು ಅದರ ಮೇಲೆ ಕೆತ್ತಿಸಿದ್ದಾನೆ. ಬಾಲ್ಯದಿಂದ ಮರಣದವರೆಗೆ ಮನುಷ್ಯನು ಯಾವ ಯಾವ ವಯಸ್ಸಿನಲ್ಲಿ ಯಾವ ಗುಣವನ್ನು ಬೆಳೆಸಿಕೊಳ್ಳಬೇಕೆಂಬುದನ್ನು ಆ ವಚನಗಳು ಹೇಳುತ್ತವೆ. ತಾಯ್ನಾಡಿನಿಂದ ಸಾವಿರಾರು ಮೈಲಿ ದೂರದಲ್ಲಿದ್ದ ಜನರು ತಮ್ಮ ಮಕ್ಕಳು ಯಾವುದನ್ನು ಮರೆಯಬಾರದೆಂದು ಬಯಸಿದರೋ ಅದನ್ನು ಕಲ್ಲಿನಲ್ಲಿ ಬರೆಸಿಟ್ಟರು.

ಇನ್ನೊಂದು ಕಡೆ ಅದೇ ನಗರದ ಅರಮನೆಯನ್ನು ನೋಡಿದರೆ ಚಿತ್ರ ಬದಲಾಗುತ್ತದೆ. ಕಂಬಗಳ ಬೋದಿಗೆಗಳು ಗ್ರೀಸಿನ ಕೊರಿಂಥ್ ಶೈಲಿಯವು. ಆದರೆ ಅಂಗಳ, ಸಭಾಮಂಟಪ ಮತ್ತು ಉದ್ದನೆಯ ಮೊಗಸಾಲೆಗಳ ವಿನ್ಯಾಸ ಪಾರಸಿಕ ಅರಮನೆಗಳದು. ಗೋಡೆಗಳು ಆ ನಾಡಿನ ಹಸಿ ಇಟ್ಟಿಗೆಯವು. ಮುಖ್ಯ ದೇವಾಲಯವು ಇನ್ನೂ ವಿಚಿತ್ರವಾದುದು. ದಪ್ಪ ಗೋಡೆಯ, ಎತ್ತರದ ಜಗತಿಯ ಮೇಲಿನ ಆ ಕಟ್ಟಡ ಮೆಸಪೊಟೇಮಿಯದ ಮಾದರಿಯದಾದರೂ ಒಳಗಿದ್ದ ವಿಗ್ರಹ ಗ್ರೀಕ್ ಶಿಲ್ಪಿಯ ಕೈಚಳಕದ್ದು. ಉಳಿದಿರುವುದು ಬಹುಮಟ್ಟಿಗೆ ಒಂದು ಪಾದ ಮಾತ್ರ. ಅದರ ಪಾದರಕ್ಷೆಯ ಮೇಲೆ ಸಿಡಿಲಿನ ಚಿಹ್ನೆಯಿರುವುದರಿಂದ ಅದು ಸ್ಯೂಸ್ ದೇವನ ವಿಗ್ರಹವೆಂದು ಊಹಿಸಲಾಗಿದೆ. ಸ್ಥಳೀಯರು ಅದೇ ವಿಗ್ರಹದಲ್ಲಿ ತಮ್ಮ ದೇವತೆಯೊಬ್ಬನನ್ನು ಕಂಡಿರಲೂ ಸಾಕು.

ಅರಮನೆಯ ಭಂಡಾರದಲ್ಲಿ ಹಣವನ್ನೂ ಎಣ್ಣೆಯನ್ನೂ ತುಂಬಿಟ್ಟ ಮಡಕೆಗಳ ಮೇಲೆ ಮಸಿಯಿಂದ ಬರೆದ ಲೆಕ್ಕಗಳು ದೊರೆತಿವೆ. ಭಾಷೆ ಗ್ರೀಕ್. ಆದರೆ ಲೆಕ್ಕ ಬರೆಸಿದ ಅಧಿಕಾರಿಗಳಲ್ಲಿ ಗ್ರೀಕ್ ಹೆಸರಿನವರ ಜತೆಗೆ ಆಕ್ಸಿಬಾಜಸ್‌ನಂತಹ ಇರಾನೀ ಹೆಸರಿನವರೂ ಇದ್ದಾರೆ. ಭಾರತದ ಕಾರ್ಷಾಪಣ ನಾಣ್ಯದ ಹೆಸರನ್ನೂ ಗ್ರೀಕ್ ಅಕ್ಷರಗಳಲ್ಲಿ ಬರೆದಿಟ್ಟಿದ್ದಾರೆ. ರಾಜ್ಯವು ನಡೆಯಬೇಕಾದರೆ ಆ ನಾಡಿನ ಲೆಕ್ಕಿಗರ ನೆರವು ಅಗತ್ಯವಾಗಿತ್ತು. ಉದ್ಯೋಗ ಬೇಕಾದರೆ ಆ ಲೆಕ್ಕಿಗರಿಗೆ ಗ್ರೀಕ್ ಭಾಷೆ ಅಗತ್ಯವಾಗಿತ್ತು. ಸೂಸಾದ ಮದುವೆ ಮಂಟಪದಲ್ಲಿ ಆಗದ ಕೆಲಸ ಭಂಡಾರದ ಲೆಕ್ಕಪತ್ರಗಳಲ್ಲಿ ಸದ್ದಿಲ್ಲದೆ ನಡೆಯಿತು.

ಹಿಂದೂಕುಶದ ದಕ್ಷಿಣಕ್ಕೆ

ಹಿಂದೂಕುಶ ಪರ್ವತದ ದಕ್ಷಿಣದ ಸ್ಥಿತಿ ಬೇರೆಯಾಗಿತ್ತು. ಸೆಲ್ಯೂಕಸನು ಕ್ರಿ.ಪೂ. 303ರ ಸುಮಾರಿಗೆ ಚಂದ್ರಗುಪ್ತ ಮೌರ್ಯನೊಡನೆ ಒಪ್ಪಂದ ಮಾಡಿಕೊಂಡು, 500 ಆನೆಗಳನ್ನು ಪಡೆದು ಕಂದಹಾರದ ಸೀಮೆಯನ್ನು ಬಿಟ್ಟುಕೊಟ್ಟಿದ್ದನು. ಅಲ್ಲಿ ಉಳಿದ ಗ್ರೀಕ್ ಜನರಿಗಾಗಿಯೇ ಅಶೋಕನು ತನ್ನ ಧರ್ಮಶಾಸನವನ್ನು ಗ್ರೀಕ್ ಮತ್ತು ಅರಮೇಯಿಕ್ ಭಾಷೆಗಳಲ್ಲಿ ಬರೆಸಿದನು. 1958ರಲ್ಲಿ ಬೆಳಕಿಗೆ ಬಂದ ಆ ಶಾಸನದಲ್ಲಿ ಧರ್ಮವೆಂಬ ಮಾತಿಗೆ ‘ಯುಸೆಬೆಯ’ ಎಂಬ ಗ್ರೀಕ್ ಪದವನ್ನು ಬಳಸಲಾಗಿದೆ. ದೇವರಲ್ಲಿಯೂ ಹಿರಿಯರಲ್ಲಿಯೂ ಇರಬೇಕಾದ ಭಯಭಕ್ತಿ ಎಂಬುದು ಅದರ ಅರ್ಥ. ಧರ್ಮದ ಪೂರ್ಣ ಅರ್ಥವನ್ನು ಆ ಪದ ಹೊರಲಾರದು. ಆದರೂ ಕೇಳುವವನಿಗೆ ಅವನ ಮಾತಿನಲ್ಲಿಯೇ ಹೇಳಬೇಕೆಂಬ ಪದ್ಧತಿಗೆ ಇದು ಸ್ಪಷ್ಟ ನಿದರ್ಶನ.

ಈ ವಾಯವ್ಯ ಸೀಮೆಯ ಲಿಪಿ ಖರೋಷ್ಠಿ. ಪಾರಸಿಕ ಸಾಮ್ರಾಜ್ಯದ ಕಚೇರಿಗಳಲ್ಲಿ ಬಳಕೆಯಲ್ಲಿದ್ದ ಅರಮೇಯಿಕ್ ಲಿಪಿಯಿಂದ ಬೆಳೆದ ಇದನ್ನು ಬಲದಿಂದ ಎಡಕ್ಕೆ ಬರೆಯುತ್ತಾರೆ. ಇದರ ಒಂದು ಕುರುಹು ಕರ್ನಾಟಕದಲ್ಲಿಯೂ ಇದೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿ ಬಿ. ಎಲ್. ರೈಸ್ ಅವರು 1892ರಲ್ಲಿ ಪತ್ತೆಹಚ್ಚಿದ ಅಶೋಕನ ಶಾಸನಗಳು ಬ್ರಾಹ್ಮೀ ಲಿಪಿಯಲ್ಲಿವೆ. ಆದರೆ ಅವುಗಳನ್ನು ಬರೆದ ಚಪಡನೆಂಬ ಲಿಪಿಕಾರನು ಕೊನೆಯಲ್ಲಿ ‘ಲಿಪಿಕರೇಣ’ ಎಂಬ ತನ್ನ ವೃತ್ತಿಸೂಚಕ ಪದವನ್ನು ಮಾತ್ರ ಖರೋಷ್ಠಿಯಲ್ಲಿ ಬರೆದಿದ್ದಾನೆ. ಎರಡು ಲಿಪಿಗಳನ್ನು ಬಲ್ಲ ಬರಹಗಾರರು ಆ ಕಾಲದಲ್ಲಿ ಎಷ್ಟು ದೂರ ಸಂಚರಿಸುತ್ತಿದ್ದರೆಂಬುದು ಇದರಿಂದ ತಿಳಿಯುತ್ತದೆ. ಮುಂದೆ ಬ್ಯಾಕ್ಟ್ರಿಯದ ಯವನರು ದಕ್ಷಿಣಕ್ಕೆ ಬಂದಾಗ ಅವರಿಗೆ ನೆರವಾದವರೂ ಇಂತಹ ಲಿಪಿಕಾರರೇ ಆಗಿರಬೇಕು.

ನಾಣ್ಯದ ಎರಡು ಮುಖಗಳು

ಮೌರ್ಯರ ಬಲ ಕುಂದಿದ ಮೇಲೆ, ಕ್ರಿ.ಪೂ. ಎರಡನೆಯ ಶತಮಾನದ ಆರಂಭದಲ್ಲಿ, ಬ್ಯಾಕ್ಟ್ರಿಯದ ಯವನ ದೊರೆಗಳು ಹಿಂದೂಕುಶವನ್ನು ದಾಟಿದರು. ಆಗ ಅವರ ಮುಂದೆ ಒಂದು ವ್ಯಾವಹಾರಿಕ ಪ್ರಶ್ನೆ ಬಂದಿತು. ಉತ್ತರದಲ್ಲಿ ಅವರು ಅಚ್ಚುಹಾಕಿಸುತ್ತಿದ್ದ ನಾಣ್ಯ ಅಥೆನ್ಸಿನ ತೂಕದ್ದು. ಅದರ ಒಂದು ದ್ರಾಖ್ಮೆ ಸುಮಾರು 4.3 ಗ್ರಾಂ ಬೆಳ್ಳಿ. ನಾಲ್ಕು ದ್ರಾಖ್ಮೆಗಳ ದೊಡ್ಡ ನಾಣ್ಯ ಸುಮಾರು 17 ಗ್ರಾಂ. ಅದು ದುಂಡಗಿದ್ದು, ಅದರ ಮೇಲೆ ಗ್ರೀಕ್ ಬರಹ ಮಾತ್ರವಿರುತ್ತಿತ್ತು. ದಕ್ಷಿಣದ ಜನರಿಗೆ ರೂಢಿಯಾಗಿದ್ದ ಕಾರ್ಷಾಪಣಗಳಾದರೋ ಬೆಳ್ಳಿಯ ತಗಡನ್ನು ಕತ್ತರಿಸಿ, ಚಿಹ್ನೆಗಳನ್ನು ಒತ್ತಿದ, ಬಹುಮಟ್ಟಿಗೆ ಚೌಕಾಕಾರದ ತುಣುಕುಗಳು. ಅವುಗಳ ಮೇಲೆ ದೊರೆಯ ಮುಖವೂ ಇಲ್ಲ, ಹೆಸರೂ ಇಲ್ಲ.

1970ರಲ್ಲಿ ಐ ಖಾನುಂನಲ್ಲಿ ದೊರೆತ ಒಂದು ನಾಣ್ಯನಿಧಿ ಈ ಸಂಧಿಕಾಲವನ್ನು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. ಅದರಲ್ಲಿ 677 ಭಾರತೀಯ ಕಾರ್ಷಾಪಣಗಳಿದ್ದವು. ಅವುಗಳ ಜತೆಯಲ್ಲಿ ಕ್ರಿ.ಪೂ. 180ರ ಸುಮಾರಿನ ಯವನ ದೊರೆ ಅಗಥೋಕ್ಲೀಸನ ಆರು ಚೌಕ ಬೆಳ್ಳಿ ನಾಣ್ಯಗಳಿದ್ದವು. ಅವುಗಳ ಒಂದು ಮುಖದಲ್ಲಿ ನೇಗಿಲು ಹಿಡಿದ ಸಂಕರ್ಷಣನ ಚಿತ್ರವೂ ‘ದೊರೆ ಅಗಥೋಕ್ಲೀಸನ’ ಎಂಬ ಗ್ರೀಕ್ ಬರಹವೂ ಇವೆ. ಇನ್ನೊಂದು ಮುಖದಲ್ಲಿ ಚಕ್ರ ಹಿಡಿದ ವಾಸುದೇವನ ಚಿತ್ರವಿದ್ದು, ಅದೇ ಮಾತನ್ನು ಬ್ರಾಹ್ಮಿಯಲ್ಲಿ ‘ರಾಜನೆ ಅಗಥುಕ್ಲೆಯಸ’ ಎಂದು ಬರೆಯಲಾಗಿದೆ. ವಾಸುದೇವ ಮತ್ತು ಸಂಕರ್ಷಣರ ಚಿತ್ರಗಳಲ್ಲಿ ಇವು ಅತ್ಯಂತ ಪ್ರಾಚೀನವಾದವುಗಳ ಸಾಲಿಗೆ ಸೇರುತ್ತವೆ. ಹೀಗೆ ಈ ದೇವತೆಗಳ ರೂಪವನ್ನು ಲೋಹದಲ್ಲಿ ಮೂಡಿಸಿ ಉಳಿಸಿಕೊಟ್ಟವನು ಒಬ್ಬ ಗ್ರೀಕ್ ದೊರೆಯಾಗಿದ್ದಾನೆ.

ಅಗಥೋಕ್ಲೀಸನದು ಪ್ರಯೋಗ, ಅದು ವ್ಯವಸ್ಥೆಯಾದುದು ಅಪೊಲೊಡೋಟಸ್ ಮತ್ತು ಮೆನಾಂಡರರ ಕಾಲದಲ್ಲಿ. ಅವರು ಹಿಂದೂಕುಶದ ದಕ್ಷಿಣಕ್ಕೆಂದೇ ಸುಮಾರು 2.4 ಗ್ರಾಂ ತೂಕದ ಹಗುರವಾದ ದ್ರಾಖ್ಮೆಯನ್ನು ಬಳಕೆಗೆ ತಂದರು. ಒಂದು ಮುಖಕ್ಕೆ ಗ್ರೀಕ್, ಇನ್ನೊಂದಕ್ಕೆ ಖರೋಷ್ಠೀ ಲಿಪಿಯ ಪ್ರಾಕೃತ. ಮೆನಾಂಡರನ ಬೆಳ್ಳಿ ನಾಣ್ಯವೊಂದನ್ನು ಉದಾಹರಣೆಯಾಗಿ ಓದಬಹುದು. ಮುಮ್ಮುಖದಲ್ಲಿ ದೊರೆಯ ಶಿರ. ಸುತ್ತಲೂ ‘ಬಸಿಲಿಯೋಸ್ ಸೋಟೆರೋಸ್ ಮೆನಾಂಡ್ರು’ ಎಂಬ ಗ್ರೀಕ್ ಬರಹ. ಹಿಮ್ಮುಖದಲ್ಲಿ ಗುರಾಣಿ ಹಿಡಿದು ಸಿಡಿಲನ್ನು ಎಸೆಯುತ್ತಿರುವ ಅಥೀನಾ ದೇವಿ. ಸುತ್ತಲೂ ‘ಮಹರಜಸ ತ್ರತರಸ ಮೆನಂದ್ರಸ’ ಎಂಬ ಖರೋಷ್ಠೀ ಬರಹ. ಖರೋಷ್ಠಿಯಲ್ಲಿ ದೀರ್ಘ ಸ್ವರಗಳಿಗೆ ಬೇರೆ ಗುರುತಿಲ್ಲದಿರುವುದರಿಂದ ‘ಮಹಾರಾಜ’ ಎಂಬುದು ‘ಮಹರಜ’ ಎಂದಾಗಿದೆ. ಪ್ರತಿ ಪದದ ಕೊನೆಯ ‘ಸ’ಕಾರವು ಸಂಸ್ಕೃತದ ‘ಸ್ಯ’, ಅಂದರೆ ಷಷ್ಠೀ ವಿಭಕ್ತಿ. ಗ್ರೀಕ್ ಬರಹವೂ ಷಷ್ಠಿಯಲ್ಲಿಯೇ ಇದೆ. ಎರಡರ ಅರ್ಥವೂ ಒಂದೇ: ರಕ್ಷಕನಾದ ಮಹಾರಾಜ ಮೆನಾಂಡರನ ನಾಣ್ಯ.

ಇತರ ದೊರೆಗಳ ಬಿರುದುಗಳನ್ನು ನೋಡಿದರೆ ಅನುವಾದಕರ ಜಾಣ್ಮೆ ಇನ್ನೂ ಸ್ಪಷ್ಟವಾಗುತ್ತದೆ. ನ್ಯಾಯವಂತನೆಂಬ ಅರ್ಥದ ‘ಡಿಕಾಯೋಸ್’ ಎಂಬುದು ‘ಧ್ರಮಿಕ’, ಅಂದರೆ ಧಾರ್ಮಿಕ. ವಿಜಯವನ್ನು ಹೊತ್ತವನೆಂಬ ‘ನಿಕೆಫೋರೋಸ್’ ಎಂಬುದು ‘ಜಯಧರ’. ಸೋಲಿಲ್ಲದವನೆಂಬ ‘ಅನಿಕೇಟೋಸ್’ ಎಂಬುದು ‘ಅಪಡಿಹತ’, ಅಂದರೆ ಅಪ್ರತಿಹತ. ಒಂದೊಂದು ಪದದ ಆಯ್ಕೆಯ ಹಿಂದೆಯೂ ಎರಡು ರಾಜನೀತಿಗಳನ್ನು ಬಲ್ಲ ಮನಸ್ಸೊಂದು ಕೆಲಸ ಮಾಡಿದೆ. ಗ್ರೀಕರ ನ್ಯಾಯವಂತನು ಭಾರತದಲ್ಲಿ ಧಾರ್ಮಿಕನಾದಾಗ ಬದಲಾದುದು ಭಾಷೆ ಮಾತ್ರವಲ್ಲ; ಪ್ರಜೆಗಳು ದೊರೆಯಿಂದ ಏನನ್ನು ನಿರೀಕ್ಷಿಸಬಹುದೆಂಬುದೂ ಬದಲಾಯಿತು.

ಈ ಎರಡು ಲಿಪಿಗಳ ಪದ್ಧತಿಯಿಂದ ಎರಡು ಸಾವಿರ ವರ್ಷಗಳ ಅನಂತರ ಇನ್ನೊಂದು ಪ್ರಯೋಜನವಾಯಿತು. ಬ್ರಾಹ್ಮಿಯನ್ನೂ ಖರೋಷ್ಠಿಯನ್ನೂ ಓದಬಲ್ಲವರು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಯಾರೂ ಇರಲಿಲ್ಲ. ಕಾಬೂಲಿನ ಸುತ್ತಮುತ್ತ ಚಾರ್ಲ್ಸ್ ಮ್ಯಾಸನ್ ಸಂಗ್ರಹಿಸಿದ ನಾಣ್ಯಗಳ ಗ್ರೀಕ್ ಹೆಸರುಗಳನ್ನು ಆಧಾರವಾಗಿಟ್ಟುಕೊಂಡು, ಎದುರು ಮುಖದ ಖರೋಷ್ಠೀ ಅಕ್ಷರಗಳನ್ನು ಜೇಮ್ಸ್ ಪ್ರಿನ್ಸೆಪ್ ಮೊದಲಾದವರು ಗುರುತಿಸುತ್ತ ಹೋದರು. 1836ರಲ್ಲಿ ಕ್ರಿಶ್ಚಿಯನ್ ಲಾಸೆನ್ ಅವರು ಅಗಥೋಕ್ಲೀಸನ ನಾಣ್ಯದಿಂದಲೇ ಬ್ರಾಹ್ಮಿಯ ಕೆಲವು ಅಕ್ಷರಗಳನ್ನು ಓದಿದರು. 1837ರಲ್ಲಿ ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯ ರಹಸ್ಯವನ್ನು ಪೂರ್ಣವಾಗಿ ಬಿಡಿಸಿದರು. ದ್ರಾಖ್ಮೆ ಎಂಬ ಹೆಸರು ‘ದ್ರಮ್ಮ’ ಎಂಬ ರೂಪದಲ್ಲಿ ಭಾರತದ ಭಾಷೆಗಳಲ್ಲಿ ನೆಲೆಸಿತು. ಕರ್ನಾಟಕದ ಶಾಸನಗಳಲ್ಲಿ ಗದ್ಯಾಣ, ಪಣಗಳ ಜತೆಗೆ ದ್ರಮ್ಮವೂ ಕಾಣಿಸಿಕೊಳ್ಳುತ್ತದೆ.

ನಾಣ್ಯವು ಹೇಳದಿರುವುದು

ಆದರೂ ನಾಣ್ಯವನ್ನು ಓದುವವನು ಎಚ್ಚರದಿಂದಿರಬೇಕು. ದ್ವಿಭಾಷಾ ನಾಣ್ಯಗಳು ಹಿಂದೂಕುಶದ ದಕ್ಷಿಣದಲ್ಲಿ ಮಾತ್ರ ಚಲಾವಣೆಯಲ್ಲಿದ್ದವು. ಎರಡೂ ಕಡೆ ಆಳಿದ ಯುಕ್ರಟೈಡೀಸನಂತಹ ದೊರೆ ಉತ್ತರಕ್ಕೆ ಅಥೆನ್ಸಿನ ತೂಕದ, ಗ್ರೀಕ್ ಬರಹ ಮಾತ್ರವಿರುವ ನಾಣ್ಯವನ್ನೂ ದಕ್ಷಿಣಕ್ಕೆ ಎರಡು ಬರಹಗಳ ನಾಣ್ಯವನ್ನೂ ಹೊರಡಿಸಿದನು. ಇದು ಹೃದಯಗಳ ಬೆರಕೆಯೆನ್ನುವುದಕ್ಕಿಂತ ಆಡಳಿತದ ಲೆಕ್ಕಾಚಾರವೆನ್ನುವುದು ಸರಿ. ನಾಣ್ಯದ ಮೇಲೆ ಕೂಡ ಎರಡು ಭಾಷೆಗಳು ಬೆರೆಯಲಿಲ್ಲ. ಬೆನ್ನಿಗೆ ಬೆನ್ನುಕೊಟ್ಟು ನಿಂತವು. ಈ ರಾಜ್ಯಗಳನ್ನು ಗ್ರೀಕ್ ಲೋಕದ ಒಂದು ಭಾಗವಾಗಿ ನೋಡಬೇಕೆಂದು ಡಬ್ಲ್ಯೂ. ಡಬ್ಲ್ಯೂ. ಟಾರ್ನ್ 1938ರಲ್ಲಿ ವಾದಿಸಿದರು. ಅವು ಭಾರತದ ಇತಿಹಾಸಕ್ಕೆ ಸೇರಿದವು ಎಂದು ಎ. ಕೆ. ನಾರಾಯಣ್ 1957ರಲ್ಲಿ ಉತ್ತರಿಸಿದರು. ಇಬ್ಬರ ಕೈಯಲ್ಲಿಯೂ ಇದ್ದುದು ಅದೇ ನಾಣ್ಯಗಳು. ಒಬ್ಬರು ಮುಮ್ಮುಖವನ್ನು ಹೆಚ್ಚು ನೋಡಿದರು, ಇನ್ನೊಬ್ಬರು ಹಿಮ್ಮುಖವನ್ನು.

ರಾಜಾಜ್ಞೆಯ ಸೋಂಕಿಲ್ಲದ ಸಾಕ್ಷಿಯೊಂದು ಮಧ್ಯಪ್ರದೇಶದ ವಿದಿಶೆಯ ಬಳಿ ಇದೆ. ಬೆಸ್‌ನಗರದ ಕಲ್ಲುಕಂಬವೊಂದನ್ನು 1877ರಲ್ಲಿ ಕನ್ನಿಂಗ್‌ಹ್ಯಾಮ್ ನೋಡಿದ್ದರು. ಆದರೆ ಭಕ್ತರು ತಲೆತಲಾಂತರದಿಂದ ಬಳಿದ ಸಿಂಧೂರದ ಲೇಪ ಅದರ ಅಕ್ಷರಗಳನ್ನು ಮುಚ್ಚಿತ್ತು. ಇಪ್ಪತ್ತನೆಯ ಶತಮಾನದ ಮೊದಲ ದಶಕದ ಕೊನೆಗೆ ಲೇಪವನ್ನು ತೆಗೆದಾಗ ಬ್ರಾಹ್ಮೀ ಶಾಸನ ಕಾಣಿಸಿತು. ತಕ್ಷಶಿಲೆಯ ದೊರೆ ಆಂಟಿಯಾಲ್ಕಿಡಾಸನ ರಾಯಭಾರಿಯಾಗಿ ಬಂದ, ಡಿಯೋನನ ಮಗ ಹೆಲಿಯೊಡೋರಸ್ ಎಂಬ ಯವನನು ತನ್ನನ್ನು ಭಾಗವತನೆಂದು ಕರೆದುಕೊಂಡು ವಾಸುದೇವನಿಗೆ ಗರುಡಧ್ವಜವನ್ನು ನಿಲ್ಲಿಸಿದನೆಂದು ಅದು ಹೇಳುತ್ತದೆ. ದಮ, ತ್ಯಾಗ, ಅಪ್ರಮಾದಗಳೆಂಬ ಮೂರು ಗುಣಗಳು ಮನುಷ್ಯನನ್ನು ಸ್ವರ್ಗಕ್ಕೆ ಒಯ್ಯುತ್ತವೆಂಬ ಮಾತೂ ಅಲ್ಲಿದೆ. ಇಲ್ಲಿ ಗ್ರೀಕ್ ಬರಹವೇ ಇಲ್ಲ. ಮೆನಾಂಡರನು ಭಿಕ್ಷು ನಾಗಸೇನನನ್ನು ಪ್ರಶ್ನಿಸಿದ ಪ್ರಸಂಗವನ್ನು ಪಾಲಿಯ ‘ಮಿಲಿಂದಪಞ್ಹ’ ಗ್ರಂಥವೂ ಉಳಿಸಿಕೊಂಡಿದೆ.

ಅಧಿಕಾರ ಅಳಿದ ಮೇಲೆ

ಕ್ರಿ.ಪೂ. 145ರ ಸುಮಾರಿಗೆ ಐ ಖಾನುಂ ನಾಶವಾಯಿತು. ಮಧ್ಯ ಏಷ್ಯದ ಅಲೆಮಾರಿ ಜನಾಂಗಗಳು ಬ್ಯಾಕ್ಟ್ರಿಯವನ್ನು ಆಕ್ರಮಿಸಿದವು. ಪಂಜಾಬಿನ ಕೊನೆಯ ಯವನ ದೊರೆಗಳೂ ಕ್ರಿಸ್ತಶಕದ ಆರಂಭದ ವೇಳೆಗೆ ಮರೆಯಾದರು. ಗ್ರೀಕ್ ಮತ್ತು ಏಷ್ಯದ ಪರಂಪರೆಗಳು ನಿಜವಾಗಿ ಒಂದರೊಳಗೊಂದು ಬೆರೆತುದು ಅನಂತರ ಬಂದ ಕುಶಾಣರ ಕಾಲದಲ್ಲಿ ಎಂಬುದು ಗಮನಿಸತಕ್ಕ ಅಂಶ. ಗಾಂಧಾರದ ಬುದ್ಧಮೂರ್ತಿಗಳ ಬಹುಭಾಗವೂ ಆ ಕಾಲದ್ದೇ. ಅವುಗಳ ಉಡುಪಿನ ಮಡಿಕೆಗಳಲ್ಲಿಯೂ ಗುಂಗುರು ಕೂದಲಿನಲ್ಲಿಯೂ ಗ್ರೀಕ್ ಕಲೆಯ ನೆನಪಿದೆ. ಆದರೆ ಅದರಲ್ಲಿ ಒಂದು ಪಾಲು ಬ್ಯಾಕ್ಟ್ರಿಯದ ಹಳೆಯ ಪರಂಪರೆಯಿಂದಲೂ ಇನ್ನೊಂದು ಪಾಲು ಆ ಕಾಲದ ರೋಮಿನ ವ್ಯಾಪಾರ ಸಂಪರ್ಕದಿಂದಲೂ ಬಂದುದು. ಅದನ್ನೆಲ್ಲ ನೇರವಾಗಿ ಅಲೆಕ್ಸಾಂಡರನ ಖಾತೆಗೆ ಬರೆಯುವುದು ಸರಿಯಾಗದು.

ಕನಿಷ್ಕನ ನಾಣ್ಯಗಳಲ್ಲಿ ಈ ಬೆರಕೆಯ ಕೊನೆಯ ಹೆಜ್ಜೆ ಕಾಣುತ್ತದೆ. ಆಳ್ವಿಕೆಯ ಆರಂಭದಲ್ಲಿ ಅವನ ನಾಣ್ಯಗಳ ಭಾಷೆ ಗ್ರೀಕ್. ಸೂರ್ಯದೇವನ ಚಿತ್ರದ ಬಳಿ ‘ಹೀಲಿಯೋಸ್’ ಎಂಬ ಹೆಸರಿದೆ. ಸ್ವಲ್ಪ ಕಾಲದಲ್ಲಿಯೇ ಅದೇ ಚಿತ್ರದ ಬಳಿ ‘ಮಿಯಿರೊ’ ಎಂಬ ಇರಾನೀ ಹೆಸರು ಬಂದಿತು; ಅದು ಮಿತ್ರದೇವನ ಹೆಸರು. ‘ರಾಜಾಧಿರಾಜ’ ಎಂಬ ಬಿರುದು ಗ್ರೀಕ್ ಪದಗಳನ್ನು ಬಿಟ್ಟು ‘ಶಾವೊನಾನೊ ಶಾವೊ’ ಎಂಬ ಬ್ಯಾಕ್ಟ್ರಿಯದ ನುಡಿಯಾಯಿತು. ಆದರೆ ಲಿಪಿ ಗ್ರೀಕ್ ಲಿಪಿಯೇ ಆಗಿ ಉಳಿಯಿತು. ಗ್ರೀಕರಲ್ಲಿ ಇಲ್ಲದ ಶಕಾರಕ್ಕಾಗಿ ಒಂದು ಹೊಸ ಅಕ್ಷರವನ್ನು ಮಾತ್ರ ಸೇರಿಸಿಕೊಂಡರು. 1993ರಲ್ಲಿ ಆಫ್ಘಾನಿಸ್ತಾನದ ರಬಾತಕದಲ್ಲಿ ದೊರೆತ ಕನಿಷ್ಕನ ಶಾಸನವು ಈ ಬದಲಾವಣೆಯನ್ನು ದೊರೆಯೇ ಮಾಡಿಸಿದನೆಂಬುದನ್ನು ಸೂಚಿಸುತ್ತದೆ; ಅದರಲ್ಲಿ ಆ ಭಾಷೆಯನ್ನು ‘ಆರ್ಯ’ವೆಂದು ಕರೆಯಲಾಗಿದೆ.

ಐ ಖಾನುಂ 1979ರ ಅನಂತರದ ಯುದ್ಧಕಾಲದಲ್ಲಿ ನಿಧಿಗಳ್ಳರ ಕೈಗೆ ಸಿಕ್ಕಿ ಗುಂಡಿಗಳಿಂದ ತುಂಬಿಹೋಯಿತು. ಅಲ್ಲಿಂದ ಹೊರಬಿದ್ದ ನಾಣ್ಯಗಳು ಯಾವ ಪದರದಲ್ಲಿದ್ದವು, ಯಾವುದರ ಜತೆಗಿದ್ದವು ಎಂಬುದನ್ನು ಇನ್ನು ಯಾರೂ ಹೇಳಲಾರರು. ನೆಲೆ ತಪ್ಪಿದ ನಾಣ್ಯದಲ್ಲಿ ದೊರೆಯ ಹೆಸರು ಉಳಿಯುತ್ತದೆ. ಅದನ್ನು ಕೈಯಿಂದ ಕೈಗೆ ದಾಟಿಸಿದ ಜನರ ಕಥೆ ಅಳಿಯುತ್ತದೆ. ಅಲೆಕ್ಸಾಂಡರನು ಅಪ್ಪಣೆಯಿಂದ ಮಾಡಹೊರಟುದನ್ನು ಮುಂದೆ ಶತಮಾನಗಳ ಕಾಲದಲ್ಲಿ ಸಾಧಿಸಿದವರು ಹೆಸರು ತಿಳಿಯದ ಲೆಕ್ಕಿಗರು, ಲಿಪಿಕಾರರು ಮತ್ತು ಅಚ್ಚು ಕೊರೆಯುವ ಕುಶಲಿಗಳು. ಒಂದೇ ದೊರೆಯ ಹೆಸರನ್ನು ಎಡದಿಂದಲೂ ಬಲದಿಂದಲೂ ಬರೆಯಲು ಕಲಿತವರು ಅವರು.